ಫೈಲ್‌ಗೂ ಒಂದು ಹೆಬ್ಬೆಟ್ಟು: ಹ್ಯಾಶ್ ಏನು ಹೇಳುತ್ತೆ, ಏನು ಹೇಳಲ್ಲ

ಒಂದು ಪ್ರತಿಭಟನೆ ಮುಗಿದ ಮೇಲೆ ಪೊಲೀಸರು ನಿಮ್ಮ ಗೆಳೆಯನ ಲ್ಯಾಪ್‌ಟಾಪ್ ವಶಕ್ಕೆ ತಗೊಂಡರು ಅಂದುಕೊಳ್ಳಿ. ಮಹಜರು ಬರೆದರು, ಪಂಚರು ಸಹಿ ಹಾಕಿದರು, ಲ್ಯಾಪ್‌ಟಾಪನ್ನು ಕವರ್‌ಗೆ ಹಾಕಿ ಅರಗಿನ ಮುದ್ರೆ ಒತ್ತಿದರು. ಆರು ತಿಂಗಳ ನಂತರ ಅದರಲ್ಲಿ ಒಂದು ಪತ್ರ ಸಿಕ್ಕಿದೆ ಅಂತ ಚಾರ್ಜ್‌ಶೀಟ್ ಬರುತ್ತೆ. ಗೆಳೆಯ ಹೇಳ್ತಾನೆ: "ಆ ಫೈಲ್ ನಾನು ನೋಡೇ ಇಲ್ಲ." ಪೊಲೀಸರು ಹೇಳ್ತಾರೆ: "ವಶಕ್ಕೆ ತಗೊಂಡಾಗ ಏನಿತ್ತೋ ಅದೇ ಇದೆ."

ಇಬ್ಬರಲ್ಲಿ ಯಾರು ಸರಿ? ಅರಗಿನ ಮುದ್ರೆ ಕವರನ್ನು ಕಾಯುತ್ತೆ, ಒಳಗಿನ ಡಿಸ್ಕ್‌ನಲ್ಲಿರುವ ಕೋಟ್ಯಂತರ ಅಕ್ಷರಗಳನ್ನಲ್ಲ. ಕವರ್ ಬಿಚ್ಚಿ, ಒಂದು ಫೈಲ್ ಸೇರಿಸಿ, ಬೇರೆ ಕವರ್‌ಗೆ ಹಾಕಿದರೆ ಕಣ್ಣಿಗೆ ಏನೂ ಗೊತ್ತಾಗಲ್ಲ. ಡಿಸ್ಕ್ ಒಂದು ಮಿಲಿಗ್ರಾಂ ಭಾರವೂ ಆಗಲ್ಲ.

ಈ ಜಗಳದ ಅರ್ಧ ಭಾಗವನ್ನು ಬಗೆಹರಿಸುವ ಒಂದು ಸಾಧನ ಇದೆ. ಅದರ ಹೆಸರು ಹ್ಯಾಶ್. ಅರ್ಧ ಭಾಗ ಮಾತ್ರ ಅನ್ನೋದು ಮುಖ್ಯ. ಯಾವ ಅರ್ಧ ಅನ್ನೋದು ಗೊತ್ತಿಲ್ಲದೇ ಇದ್ದರೆ ಹ್ಯಾಶ್ ಕೂಡ ಒಂದು ಸರ್ಕಾರಿ ಸೀಲ್ ಆಗಿಬಿಡುತ್ತೆ, ನೋಡಿದ ಕೂಡಲೇ ನಾವು ಬಾಯಿ ಮುಚ್ಚಿಕೊಳ್ತೀವಿ.

ಕಲ್ಕತ್ತೆಯ 1,024 ಗೂಡುಗಳು

ಹ್ಯಾಶ್ ಅಂದರೆ ಫೈಲ್‌ನ ಬೆರಳಚ್ಚು ಅಂತ ಸಾಮಾನ್ಯವಾಗಿ ಹೇಳ್ತಾರೆ. ಒಳ್ಳೆಯ ಹೋಲಿಕೆ. ಆದರೆ ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳೋಕೆ ಬೆರಳಚ್ಚಿನ ಕಥೆಯನ್ನೇ ಸ್ವಲ್ಪ ನೋಡಬೇಕು, ಯಾಕಂದ್ರೆ ಆ ಕಥೆ ನಡೆದಿದ್ದು ಬಂಗಾಳದಲ್ಲಿ.

1858ರಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಕೈಯಚ್ಚನ್ನು ಕರಾರು ಪತ್ರದ ಮೇಲೆ ಒತ್ತಿಸಿಕೊಂಡ. ಮುಂದೆ "ಇದು ನನ್ನ ಸಹಿಯಲ್ಲ" ಅನ್ನಬಾರದು ಅನ್ನೋದು ಲೆಕ್ಕಾಚಾರ. 1897ರ ಹೊತ್ತಿಗೆ ಕಲ್ಕತ್ತೆಯಲ್ಲಿ ಬೆರಳಚ್ಚು ವಿಭಾಗವೇ ಶುರುವಾಯಿತು. ಅಲ್ಲಿ ಒಂದು ತಲೆನೋವು ಎದುರಾಯಿತು. ಸಾವಿರಾರು ಜನರ ಹತ್ತು ಬೆರಳಿನ ಅಚ್ಚುಗಳಿವೆ. ಹೊಸದಾಗಿ ಒಬ್ಬ ಸಿಕ್ಕಿಬಿದ್ದರೆ ಅವನ ಹಳೇ ಕಾರ್ಡ್ ಹುಡುಕೋದು ಹೇಗೆ?

ಇದಕ್ಕೆ ಗಣಿತದ ದಾರಿ ಹುಡುಕಿದವರು ಅಜೀಜುಲ್ ಹಕ್ ಎಂಬ ಭಾರತೀಯ ಪೊಲೀಸ್ ಅಧಿಕಾರಿ, ಜೊತೆಗೆ ಹೇಮಚಂದ್ರ ಬೋಸ್. ಹೆಸರು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯದು ಉಳಿಯಿತು. ವಿಧಾನ ಹೀಗಿದೆ: ಬಲಗೈ ಹೆಬ್ಬೆರಳಿಂದ ಶುರು ಮಾಡಿ ಬೆರಳುಗಳಿಗೆ 1ರಿಂದ 10ರವರೆಗೆ ನಂಬರ್ ಕೊಡಬೇಕು. ಎರಡೆರಡು ಬೆರಳಿಗೆ ಒಂದೊಂದು ಬೆಲೆ: ಮೊದಲ ಜೋಡಿಗೆ 16, ಆಮೇಲಿನವಕ್ಕೆ 8, 4, 2, 1. ಬೆರಳಲ್ಲಿ ಸುಳಿ ಇದ್ದರೆ ಆ ಬೆಲೆ, ಇಲ್ಲದಿದ್ದರೆ ಸೊನ್ನೆ. ಸಮ ನಂಬರಿನ ಬೆರಳುಗಳ ಮೊತ್ತಕ್ಕೆ 1 ಕೂಡಿಸಿ ಮೇಲೆ ಬರೆಯೋದು, ಬೆಸ ನಂಬರಿನವಕ್ಕೆ 1 ಕೂಡಿಸಿ ಕೆಳಗೆ ಬರೆಯೋದು. ಒಬ್ಬನಿಗೆ ಬಲಗೈ ಹೆಬ್ಬೆರಳು ಮತ್ತು ತೋರುಬೆರಳಲ್ಲಿ ಮಾತ್ರ ಸುಳಿ ಇದೆ ಅನ್ನಿ. ಅವನ ಕಾರ್ಡ್ 17/17ನೇ ಗೂಡಿಗೆ ಹೋಗುತ್ತೆ. ಎಲ್ಲೂ ಸುಳಿ ಇಲ್ಲದವನ ಕಾರ್ಡ್ 1/1ಕ್ಕೆ. ಮೇಲೆ 32 ಸಾಧ್ಯತೆ, ಕೆಳಗೆ 32. ಒಟ್ಟು 1,024 ಗೂಡು.

ಹತ್ತು ಬೆರಳಿನ ಅಷ್ಟೂ ಗೆರೆಗಳನ್ನು ಒಂದು ಪುಟ್ಟ ಸಂಖ್ಯೆಗೆ ಇಳಿಸಿದ್ದಾರೆ. ಹ್ಯಾಶ್ ಮಾಡೋದೂ ಇದನ್ನೇ. ಎಷ್ಟೇ ದೊಡ್ಡ ವಸ್ತು ಕೊಡಿ, ನಿಗದಿತ ಅಳತೆಯ ಒಂದು ಗುರುತು ಕೊಡುತ್ತೆ. ಮೂರು ಗುಣ ಗಮನಿಸಿ. ಒಬ್ಬನ ಕಾರ್ಡನ್ನು ಯಾರು, ಯಾವಾಗ ಲೆಕ್ಕ ಹಾಕಿದರೂ ಅದೇ ಗೂಡು ಬರುತ್ತೆ. ಗೂಡಿನ ನಂಬರ್ ನೋಡಿ ಆ ಮನುಷ್ಯನ ಬೆರಳಿನ ಗೆರೆಗಳನ್ನು ವಾಪಸ್ ಬಿಡಿಸೋಕೆ ಆಗಲ್ಲ. ಮತ್ತು ಮೂರನೆಯದು, ತೊಂದರೆಯದು: ಸುಳಿಯೇ ಇಲ್ಲದ ಎಲ್ಲರೂ 1/1ರಲ್ಲೇ ತುಂಬಿಕೊಳ್ತಾರೆ. ಗೂಡು ಒಂದೇ ಅಂದಮಾತ್ರಕ್ಕೆ ಮನುಷ್ಯ ಒಬ್ಬನೇ ಅಲ್ಲ.

ಹಕ್ ಅವರಿಗೆ ಅದರಿಂದ ಸಮಸ್ಯೆ ಇರಲಿಲ್ಲ. ಗೂಡಿಂದ ಕಾರ್ಡ್‌ಗಳನ್ನು ತೆಗೆದು ಕಣ್ಣಲ್ಲೇ ಹೋಲಿಸುತ್ತಿದ್ದರು. ಆದರೆ ಫೈಲ್ ಬದಲಾಗಿಲ್ಲ ಅಂತ ಬರೀ ಗೂಡಿನ ನಂಬರಿಂದಲೇ ಹೇಳಬೇಕಾದರೆ 1,024 ಗೂಡು ಸಾಲಲ್ಲ.

ಒಂದು ಕೆಟ್ಟ ಹ್ಯಾಶ್ ಮಾಡಿ ನೋಡೋಣ

ರಸೀದಿಯೊಂದರಲ್ಲಿ 1500 ಅಂತ ಇದೆ. ಯಾರೂ ತಿದ್ದಬಾರದು. ಅಂಕೆಗಳನ್ನೆಲ್ಲ ಕೂಡಿಸಿ ಗುರುತು ಇಟ್ಟುಕೊಂಡರೆ? 1+5+0+0, ಅಂದರೆ 6. ಯಾರೋ ಅದನ್ನು 5100 ಅಂತ ತಿದ್ದಿದರು. ಮೊತ್ತ ಈಗಲೂ 6. ಸಿಕ್ಕಿಬೀಳಲಿಲ್ಲ.

ಸ್ವಲ್ಪ ಬುದ್ಧಿ ಉಪಯೋಗಿಸೋಣ. ಎಡಗಡೆಯಿಂದ ಒಂದೊಂದೇ ಅಂಕೆ ತಗೊಳ್ಳಿ. ಪ್ರತಿ ಸಲವೂ ಕೈಲಿರುವ ಸಂಖ್ಯೆಯನ್ನು 7ರಿಂದ ಗುಣಿಸಿ, ಹೊಸ ಅಂಕೆ ಕೂಡಿಸಿ, ಕೊನೆಯ ಎರಡು ಅಂಕೆ ಮಾತ್ರ ಉಳಿಸಿಕೊಳ್ಳಿ. 1500ಕ್ಕೆ: ಮೊದಲು 1; ಆಮೇಲೆ 7+5, ಅಂದರೆ 12; ಆಮೇಲೆ 84; ಆಮೇಲೆ 588, ಅದರಲ್ಲಿ ಉಳಿಯೋದು 88. 5100ಕ್ಕೆ: 5, 36, 252ರಲ್ಲಿ 52, 364ರಲ್ಲಿ 64. ಈ ಸಲ 88 ಮತ್ತು 64 ಬೇರೆಬೇರೆ. ಅಂಕೆಗಳ ಜಾಗ ಬದಲಾದರೂ ಗೊತ್ತಾಯಿತು.

ಆದರೂ ಇದು ಎರಡು ಕಾರಣಕ್ಕೆ ಕೆಟ್ಟ ಹ್ಯಾಶ್. 1501ಕ್ಕೆ ಲೆಕ್ಕ ಹಾಕಿ, 89 ಬರುತ್ತೆ. ಅಂಕೆ ಒಂದು ಹೆಚ್ಚಾದರೆ ಗುರುತೂ ಒಂದೇ ಹೆಚ್ಚಾಗುತ್ತೆ. ಹೀಗೆ ನಡೆದುಕೊಂಡರೆ ಮೋಸಗಾರನಿಗೆ ಯಾವ ಕಡೆ ತಿದ್ದಬೇಕು ಅಂತ ದಾರಿ ತೋರಿಸಿದ ಹಾಗೆ. ಎರಡನೇದು, ಇರೋದೇ 100 ಗುರುತು. 101 ರಸೀದಿ ಇದ್ದರೆ ಎರಡಕ್ಕಾದರೂ ಒಂದೇ ಗುರುತು ಬಂದೇ ಬರುತ್ತೆ. ಇದನ್ನು ಡಿಕ್ಕಿ ಅನ್ನೋಣ: ಎರಡು ಬೇರೆ ವಸ್ತು, ಒಂದೇ ಹ್ಯಾಶ್.

ನಿಜವಾದ ಕ್ರಿಪ್ಟೋಗ್ರಫಿಯ ಹ್ಯಾಶ್ ಈ ಎರಡೂ ತೂತುಗಳನ್ನು ಮುಚ್ಚುತ್ತೆ. ಇವತ್ತು ಹೆಚ್ಚು ಬಳಕೆಯಲ್ಲಿರೋದು ಎಸ್‌ಎಚ್‌ಎ-256, ಬಾಯಿಮಾತಲ್ಲಿ ಶಾ-256. ಅದು ಫೈಲನ್ನು 64 ಬೈಟ್‌ಗಳ ತುಂಡುಗಳಾಗಿ ಕತ್ತರಿಸುತ್ತೆ. ಕೈಲಿ ಎಂಟು ಸಂಖ್ಯೆ ಹಿಡಿದುಕೊಂಡು, ಪ್ರತಿ ತುಂಡನ್ನೂ ಅವುಗಳ ಜೊತೆ 64 ಸುತ್ತು ಕಲಸುತ್ತೆ: ತಿರುಗಿಸೋದು, ಕೂಡಿಸೋದು, ಒಂದರೊಳಗೊಂದು ಬೆರೆಸೋದು. ಒಂದು ತುಂಡಿನ ಫಲಿತಾಂಶ ಮುಂದಿನ ತುಂಡಿಗೆ ಹೆಪ್ಪಿನ ಹಾಗೆ ಹೋಗುತ್ತೆ. ಕೊನೆಗೆ ಉಳಿಯುವ ಎಂಟು ಸಂಖ್ಯೆಯೇ ಹ್ಯಾಶ್. ಬರೆದರೆ 64 ಅಕ್ಷರ. ನಾಲ್ಕಕ್ಷರದ ಮೆಸೇಜ್ ಆಗಲಿ, ಮೂರು ಗಂಟೆಯ ಸಿನಿಮಾ ಆಗಲಿ, ಅದೇ 64 ಅಕ್ಷರ.

ನೀವೇ ಮಾಡಿ ನೋಡಬಹುದು. ಲಿನಕ್ಸ್ ಟರ್ಮಿನಲ್‌ನಲ್ಲಿ:

```
printf 'hello' | sha256sum
2cf24dba5fb0a30e26e83b2ac5b9e29e1b161e5c1fa7425e73043362938b9824

printf 'Hello' | sha256sum
185f8db32271fe25f561a6fc938b2e264306ec304eda518007d1764826381969
```

ಚಿಕ್ಕ h ಮತ್ತು ದೊಡ್ಡ H ನಡುವೆ ಕಂಪ್ಯೂಟರಿನ ಲೆಕ್ಕದಲ್ಲಿ ಇರುವ ವ್ಯತ್ಯಾಸ ಒಂದೇ ಒಂದು ಬಿಟ್, ಒಂದು ಸೊನ್ನೆ ಒಂದಾಗಿದೆ ಅಷ್ಟೇ. ಎರಡು ಹ್ಯಾಶ್‌ಗಳನ್ನು ನೋಡಿ, ಅಕ್ಕಪಕ್ಕದ ಮನೆಯವು ಅಂತ ಯಾರಾದರೂ ಹೇಳ್ತಾರಾ? ತಿದ್ದುಪಡಿ ಎಷ್ಟೇ ಚಿಕ್ಕದಿರಲಿ, ಹ್ಯಾಶ್ ಪೂರ್ತಿ ಕದಡಿಹೋಗುತ್ತೆ. ಇನ್ನು ಗೂಡುಗಳ ಸಂಖ್ಯೆ: 1,024ರ ಬದಲು 78 ಅಂಕೆಗಳ ಒಂದು ಸಂಖ್ಯೆ. ಡಿಕ್ಕಿಗಳು ಲೆಕ್ಕದ ಪ್ರಕಾರ ಇರಲೇಬೇಕು, ಆದರೆ ಶಾ-256ರಲ್ಲಿ ಇವತ್ತಿನವರೆಗೆ ಯಾರೂ ಒಂದನ್ನೂ ಹುಡುಕಿ ತೋರಿಸಿಲ್ಲ.

ಬೆರಳಚ್ಚಿನ ಹೋಲಿಕೆ ಎಲ್ಲಿ ಕೈಕೊಡುತ್ತೆ

2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಒಂದು ಚೀಲದ ಮೇಲೆ ಬೆರಳಚ್ಚು ಸಿಕ್ಕಿತು. ಅದು ಅಮೆರಿಕದ ಒರೆಗಾನ್ ರಾಜ್ಯದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೇ ಅಂತ ಎಫ್‌ಬಿಐ ತಜ್ಞರು ಹೇಳಿದರು, ಬಂಧನವೂ ಆಯಿತು. ಸುಮಾರು ಎರಡು ವಾರದ ನಂತರ ಸ್ಪೇನ್ ಪೊಲೀಸರು ಅದು ಬೇರೊಬ್ಬನದು ಅಂತ ಗುರುತಿಸಿದ ಮೇಲೆ ಬಿಟ್ಟರು, ಎಫ್‌ಬಿಐ ಕ್ಷಮೆ ಕೇಳಿತು. ಸ್ಥಳದಲ್ಲಿ ಸಿಗುವ ಬೆರಳಚ್ಚು ಅರೆಬರೆ ಇರುತ್ತೆ. "ಸಾಕಷ್ಟು ಹೋಲುತ್ತೆ" ಅನ್ನೋದು ಕೊನೆಗೆ ಮನುಷ್ಯನ ತೀರ್ಮಾನ.

ಹ್ಯಾಶ್‌ಗೆ "ಸಾಕಷ್ಟು ಹೋಲುತ್ತೆ" ಅನ್ನೋದೇ ಇಲ್ಲ. 64 ಅಕ್ಷರವೂ ಹೊಂದಬೇಕು. 63 ಹೊಂದಿ ಒಂದು ತಪ್ಪಿದರೂ ಫೈಲ್ ಬೇರೆ. ಇದು ಬಲವೂ ಹೌದು, ಫಜೀತಿಯೂ ಹೌದು.

ಫಜೀತಿ ಹೇಗೆ ಅಂದರೆ, ನಿಮ್ಮ ಕಣ್ಣಿಗೆ ಒಂದೇ ಅನ್ನಿಸುವ ಎರಡು ಫೈಲ್‌ಗೆ ಹ್ಯಾಶ್ ಬೇರೆ ಬರಬಹುದು. ಲಾಠಿ ಚಾರ್ಜಿನ ವಿಡಿಯೋ ತೆಗೆದು ವಾಟ್ಸಾಪ್‌ನಲ್ಲಿ ವಿಡಿಯೋ ಆಗಿಯೇ ಕಳಿಸಿದಿರಿ. ವಾಟ್ಸಾಪ್ ಅದನ್ನು ಕುಗ್ಗಿಸುತ್ತೆ. ದೃಶ್ಯ ಅದೇ, ಕೂಗೂ ಅದೇ, ಹ್ಯಾಶ್ ಮಾತ್ರ ಬೇರೆ. ಅದೇ ವಿಡಿಯೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ಬೈಟ್‌ಗಳು ಹಾಗೇ ಹೋಗ್ತವೆ, ಹ್ಯಾಶ್ ಹೊಂದುತ್ತೆ. ಹಾಗಾಗಿ "ಹ್ಯಾಶ್ ಹೊಂದಲಿಲ್ಲ, ಆದ್ದರಿಂದ ವಿಡಿಯೋ ನಕಲಿ" ಅನ್ನೋ ವಾದ ತಪ್ಪು. ಅದರಿಂದ ಗೊತ್ತಾಗೋದು ಇಷ್ಟೇ: ಈ ಬೈಟ್‌ಗಳು ಆ ಬೈಟ್‌ಗಳಲ್ಲ. ಯಾಕೆ ಅಲ್ಲ ಅನ್ನೋದು ಬೇರೆ ತನಿಖೆ.

ಕನ್ನಡದಲ್ಲಂತೂ ಇದು ಇನ್ನೂ ಮಜವಾಗಿದೆ. "ಕೊಡಗು" ಅಂತ ಟೈಪ್ ಮಾಡಿ. ಆ ಮೊದಲಿನ "ಕೊ" ಯೂನಿಕೋಡ್‌ನಲ್ಲಿ ಎರಡು ರೀತಿ ಕೂರಬಹುದು: ಕ ಅಕ್ಷರಕ್ಕೆ ಒ ಸ್ವರಚಿಹ್ನೆ ಒಂದೇ ಸಂಕೇತವಾಗಿ, ಅಥವಾ ಎ ಸ್ವರಚಿಹ್ನೆ ಮತ್ತು ಊ ಸ್ವರಚಿಹ್ನೆ ಎರಡು ಸಂಕೇತಗಳಾಗಿ. ತೆರೆಯ ಮೇಲೆ ಎರಡೂ ಒಂದೇ "ಕೊ". ಹ್ಯಾಶ್ ಎರಡಕ್ಕೂ ಬೇರೆ. ಹಾಗೇ, ಮೇಲಿನ hello ಪದವನ್ನು printf ಬದಲು echo ಮೂಲಕ ಕೊಟ್ಟು ನೋಡಿ. ಕೊನೆಗೆ ಕಾಣದ ಒಂದು ಹೊಸ ಸಾಲಿನ ಗುರುತು ಸೇರಿಕೊಂಡು ಹ್ಯಾಶ್ 5891b5b5 ಅಂತ ಶುರುವಾಗುತ್ತೆ. ಮೊದಲ ಸಲ ಪ್ರಯತ್ನ ಮಾಡಿದವರು "ನನ್ನ ಕಂಪ್ಯೂಟರ್ ತಪ್ಪು ಹೇಳ್ತಿದೆ" ಅಂದುಕೊಳ್ಳೋದು ಇಲ್ಲೇ.

ಹಳೇ ಹ್ಯಾಶ್‌ಗಳ ಸಮಸ್ಯೆ

ಶಾ-256ಕ್ಕಿಂತ ಮುಂಚೆ ಎಂಡಿ5 ಮತ್ತು ಶಾ-1 ರಾಜ್ಯಭಾರ ಮಾಡುತ್ತಿದ್ದವು. ಒಂದರ ಹ್ಯಾಶ್ 32 ಅಕ್ಷರ, ಇನ್ನೊಂದರದು 40. 2004ರಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಎಂಡಿ5ರಲ್ಲಿ ಡಿಕ್ಕಿ ಮಾಡಿಸಿ ತೋರಿಸಿದರು. 2017ರಲ್ಲಿ ಆಮ್‌ಸ್ಟರ್‌ಡ್ಯಾಂನ ಸಂಶೋಧನಾ ಸಂಸ್ಥೆ ಸಿಡಬ್ಲ್ಯುಐ ಮತ್ತು ಗೂಗಲ್ ಸೇರಿ, ಶಾ-1 ಹ್ಯಾಶ್ ಒಂದೇ ಇರುವ, ಆದರೆ ತೆರೆದರೆ ಬೇರೆಬೇರೆ ಕಾಣುವ ಎರಡು ಪಿಡಿಎಫ್ ಪ್ರಕಟಿಸಿದವು.

ಇಲ್ಲಿ ಒಂದು ಸೂಕ್ಷ್ಮ ಇದೆ, ಅವಸರದಲ್ಲಿ ಎಲ್ಲರೂ ಇದನ್ನು ದಾಟಿಹೋಗ್ತಾರೆ. ಈ ದಾಳಿಗಳಲ್ಲಿ ಎರಡೂ ಫೈಲ್‌ಗಳನ್ನು ತಯಾರಿಸಿದ್ದು ಒಂದೇ ಕೈ. ಅವಳಿ ಮಕ್ಕಳನ್ನು ಹುಟ್ಟಿಸಿದ ಹಾಗೆ. ಆದರೆ ಬೇರೆ ಯಾರೋ ಆಗಲೇ ಮಾಡಿಟ್ಟ ಫೈಲ್‌ಗೆ ತಕ್ಕ ಇನ್ನೊಂದು ನಕಲಿ ಫೈಲ್ ಹುಟ್ಟಿಸೋದು ಬೇರೆಯೇ ಕೆಲಸ, ಅದು ಎಂಡಿ5ರಲ್ಲೂ ಇನ್ನೂ ಕಾರ್ಯತಃ ಸಾಧ್ಯವಾಗಿಲ್ಲ. ಹಾಗಾಗಿ "ಎಂಡಿ5 ಹಾಕಿದ್ದಾರೆ, ಸಾಕ್ಷ್ಯ ಕಸಕ್ಕೆ ಸಮ" ಅನ್ನೋದು ಅತಿ. ಕೇಳಬೇಕಾದ ಪ್ರಶ್ನೆ: ಹ್ಯಾಶ್ ಹಾಕುವ ಮುಂಚೆ ಆ ಫೈಲ್ ಯಾರ ಕೈಯಲ್ಲಿ ತಯಾರಾಯಿತು? ತಯಾರಿಸಿದವನೇ ಅದರ ಸಾಚಾತನಕ್ಕೆ ಹ್ಯಾಶ್ ತೋರಿಸುತ್ತಿದ್ದರೆ, ಮತ್ತು ಅದು ಎಂಡಿ5 ಆಗಿದ್ದರೆ, ಅನುಮಾನಕ್ಕೆ ಜಾಗ ಇದೆ. ಶಾ-256 ಹಾಕಿದರೆ ಈ ತಕರಾರೇ ಇರಲ್ಲ, ಖರ್ಚೂ ಏನಿಲ್ಲ. ಹಾಗಿದ್ದ ಮೇಲೆ ಹಳೇದನ್ನೊಂದನ್ನೇ ಯಾಕೆ ಬಳಸಬೇಕು?

ಕಾನೂನು ಈಗ ಹ್ಯಾಶ್ ಕೇಳುತ್ತೆ

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟಿಗೆ ಕೊಡುವಾಗ ಒಂದು ಪ್ರಮಾಣಪತ್ರ ಕೊಡಬೇಕು. ಅದರ ನಮೂನೆ ಕಾಯ್ದೆಯ ಅನುಸೂಚಿಯಲ್ಲೇ ಇದೆ. ಭಾಗ ಎ ದಾಖಲೆ ಹಾಜರುಪಡಿಸುವವರು ತುಂಬೋದು, ಭಾಗ ಬಿ ತಜ್ಞರು ತುಂಬೋದು. ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯೋಕೆ ಜಾಗ ಇದೆ, ಯಾವ ವಿಧಾನ ಅಂತ ಗುರುತು ಹಾಕೋಕೆ ಶಾ-1, ಶಾ-256, ಎಂಡಿ5 ಮತ್ತು ಇತರೆ ಅನ್ನೋ ಆಯ್ಕೆಗಳಿವೆ. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ ಇಂಥ ನಮೂನೆ ಇರಲಿಲ್ಲ. ಇದು ಒಳ್ಳೆಯ ಹೆಜ್ಜೆಯೇ.

ಆದರೆ ಹ್ಯಾಶ್‌ನ ಜೀವ ಇರೋದು ಅದನ್ನು ತೆಗೆದ ಸಮಯದಲ್ಲಿ. ನಮ್ಮ ಗೆಳೆಯನ ಲ್ಯಾಪ್‌ಟಾಪ್‌ಗೆ ವಾಪಸ್ ಬನ್ನಿ. ಸೋಮವಾರ ವಶ. ಶುಕ್ರವಾರ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಡಿಸ್ಕ್‌ನ ಪೂರ್ತಿ ನಕಲು ತೆಗೆದು ಹ್ಯಾಶ್ ಹಾಕಿದರು. ಮುಂದಿನ ವರ್ಷ ಕೋರ್ಟಿನಲ್ಲಿ ಮತ್ತೆ ಲೆಕ್ಕ ಹಾಕಿದಾಗ ಅದೇ 64 ಅಕ್ಷರ ಬಂತು. ಏನು ಸಾಬೀತಾಯಿತು? ಶುಕ್ರವಾರದಿಂದ ಈಚೆಗೆ ಏನೂ ಬದಲಾಗಿಲ್ಲ. ಸೋಮವಾರದಿಂದ ಶುಕ್ರವಾರದ ತನಕ ಠಾಣೆಯಲ್ಲಿ ಏನಾಯಿತು ಅನ್ನೋದಕ್ಕೆ ಹ್ಯಾಶ್ ಸಾಕ್ಷಿಯಲ್ಲ. 63ನೇ ಕಲಂ ಹ್ಯಾಶ್ ಕೇಳುತ್ತೆ, ಆದರೆ ವಶದ ಜಾಗದಲ್ಲೇ, ಇಂಥ ಗಂಟೆಯೊಳಗೆ ತೆಗೆಯಬೇಕು ಅಂತ ಹೇಳಲ್ಲ. ಇರುವ ದೊಡ್ಡ ತೂತು ಅದೇ.

ಸ್ಥಳದಲ್ಲೇ ಮಾಡೋದು ಸುಲಭ ಅಂತಲ್ಲ. ಡಿಸ್ಕ್‌ನ ಪ್ರತಿ ಬೈಟನ್ನೂ ಓದಬೇಕು, ದೊಡ್ಡ ಡಿಸ್ಕ್ ಆದರೆ ಗಂಟೆಗಟ್ಟಲೆ ಬೇಕು. ಓದುವಾಗ ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಎಂಬ ಉಪಕರಣ ನಡುವೆ ಇರಬೇಕು. ಅದಿಲ್ಲದೆ "ಏನಿದೆ ನೋಡೋಣ" ಅಂತ ಲ್ಯಾಪ್‌ಟಾಪ್ ಆನ್ ಮಾಡಿದರೆ ಸಾಕು, ಲಾಗ್‌ಗಳು, ಫೈಲ್‌ಗಳ ಸಮಯದ ಗುರುತುಗಳು ಬದಲಾಗುತ್ತವೆ, ಡಿಸ್ಕ್‌ನ ಹ್ಯಾಶ್ ಬೇರೆಯಾಗುತ್ತೆ. ಫೋನ್ ಇನ್ನೂ ಕಷ್ಟ. ಆನ್ ಇದ್ದಷ್ಟು ಹೊತ್ತೂ ಅದು ತನ್ನೊಳಗೆ ಏನೋ ಬರೆದುಕೊಳ್ತಾನೇ ಇರುತ್ತೆ, ಹಾಗಾಗಿ ಎರಡು ಸಲ ಪೂರ್ತಿ ತೆಗೆದರೆ ಎರಡು ಹ್ಯಾಶ್ ಬರಬಹುದು. ಅದಕ್ಕೇ ಫೋನಿನಿಂದ ಹೊರತೆಗೆದ ನಕಲಿಗೆ ಹ್ಯಾಶ್ ಹಾಕ್ತಾರೆ. 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್, ವಶಪಡಿಸಿಕೊಂಡ ಫೋನ್ ನೆಟ್‌ವರ್ಕ್ ಜೊತೆ ಮಾತಾಡದಂತೆ ಫ್ಯಾರಡೇ ಚೀಲದಲ್ಲಿ ಇಡಬೇಕು ಅಂತ ಹೇಳಿದ್ದೂ ಇಂಥ ಬದಲಾವಣೆ ಆಗದಿರಲಿ ಅಂತಲೇ.

ಹ್ಯಾಶ್ ಹೊಂದಿದರೂ ಉಳಿಯುವ ಪ್ರಶ್ನೆ

ಇನ್ನೊಂದು ತೂತು ಇದಕ್ಕಿಂತ ಆಳದ್ದು. ಅದನ್ನು ತೋರಿಸಿದ್ದು ಭೀಮಾ ಕೋರೆಗಾಂವ್ ಪ್ರಕರಣ.

2018ರ ಏಪ್ರಿಲ್‌ನಲ್ಲಿ ಪುಣೆ ಪೊಲೀಸರು ದೆಹಲಿಯಲ್ಲಿದ್ದ ರೋನಾ ವಿಲ್ಸನ್ ಅವರ ಲ್ಯಾಪ್‌ಟಾಪ್ ವಶಪಡಿಸಿಕೊಂಡರು. ಅದರಲ್ಲಿ ಸಿಕ್ಕಿದ್ದೆನ್ನಲಾದ ಪತ್ರಗಳು ಆ ಇಡೀ ಮೊಕದ್ದಮೆಯ ಬೆನ್ನೆಲುಬಾದವು. ಆರೋಪಿಗಳ ಪರ ವಕೀಲರ ಕೋರಿಕೆಯ ಮೇಲೆ ಡಿಸ್ಕ್‌ನ ನಕಲನ್ನು ಪರೀಕ್ಷಿಸಿದ ಅಮೆರಿಕದ ಆರ್ಸೆನಲ್ ಕನ್ಸಲ್ಟಿಂಗ್ ಸಂಸ್ಥೆಯ ವರದಿ 2021ರ ಫೆಬ್ರವರಿಯಲ್ಲಿ ಹೊರಬಂತು. ವರದಿಯ ಪ್ರಕಾರ, ವಶವಾಗುವ ಮುಂಚಿನ 22 ತಿಂಗಳು ಆ ಲ್ಯಾಪ್‌ಟಾಪ್ ನೆಟ್‌ವೈರ್ ಎಂಬ ಮಾಲ್‌ವೇರ್ ಮೂಲಕ ಬೇರೊಬ್ಬರ ಹಿಡಿತದಲ್ಲಿತ್ತು. ಪತ್ರಗಳನ್ನು ಅಡಗಿಸಿದ ಫೋಲ್ಡರ್ ಒಂದರಲ್ಲಿ ಹೊರಗಿನಿಂದ ಇಡಲಾಗಿತ್ತು. ಅವು ಆ ಲ್ಯಾಪ್‌ಟಾಪ್‌ನಲ್ಲಿ ತೆರೆದ ಕುರುಹೇ ಇಲ್ಲ. ಎನ್‌ಐಎ ಇದನ್ನು ಒಪ್ಪಿಲ್ಲ. ಸತ್ಯ ಯಾವುದು ಅನ್ನೋದು ವಿಚಾರಣೆಯಲ್ಲಿ ತೀರ್ಮಾನ ಆಗಬೇಕು. ವಿಲ್ಸನ್ ಅವರಿಗೆ ಬಾಂಬೆ ಹೈಕೋರ್ಟ್ ಜಾಮೀನು ಕೊಟ್ಟಿದ್ದು 2025ರ ಜನವರಿಯಲ್ಲಿ, ಆರೂವರೆ ವರ್ಷ ಜೈಲಿನಲ್ಲಿ ಕಳೆದ ಮೇಲೆ.

ಈಗ ಯೋಚಿಸಿ. ವರದಿ ಹೇಳಿದ ಹಾಗೇ ನಡೆದಿದೆ ಅಂತ ಇಟ್ಟುಕೊಳ್ಳಿ. ವಶದ ದಿನ, ಆ ನಿಮಿಷದಲ್ಲೇ, ಅಪ್ಪಟ ಪ್ರಾಮಾಣಿಕವಾಗಿ ಶಾ-256 ಹಾಕಿದ್ದರೆ ಏನಾಗುತ್ತಿತ್ತು? ಹೊರಗಿನಿಂದ ಇಟ್ಟ ಫೈಲ್‌ಗಳೂ ಸೇರಿಯೇ ಹ್ಯಾಶ್ ಆಗುತ್ತಿತ್ತು. ಕೋರ್ಟಿನಲ್ಲಿ 64 ಅಕ್ಷರವೂ ಹೊಂದುತ್ತಿತ್ತು. ಹ್ಯಾಶ್ ಸುಳ್ಳು ಹೇಳಿಲ್ಲ. ಅದನ್ನು ಯಾರೂ ಕೇಳದ ಪ್ರಶ್ನೆಗೆ ಅದು ಉತ್ತರ ಕೊಟ್ಟಿಲ್ಲ, ಅಷ್ಟೇ.

ಬೆರಳಚ್ಚಿನ ಹೋಲಿಕೆ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತೆ. ಹೆಬ್ಬೆಟ್ಟು ಒತ್ತಿದ ಪತ್ರ ಕೈಗೆ ಸಿಕ್ಕಿದರೆ ಯಾರ ಹೆಬ್ಬೆಟ್ಟು ಅಂತ ತಿಳಿಯುತ್ತೆ. ಓದಿ ಒತ್ತಿದನೋ, ಹಣ ಕೊಟ್ಟು ಒತ್ತಿಸಿಕೊಂಡರೋ, ಕೈ ಹಿಡಿದು ಒತ್ತಿಸಿದರೋ ಅಂತ ಅಚ್ಚು ಹೇಳಲ್ಲ. ಸಾಹುಕಾರರ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ನಾಡಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹ್ಯಾಶ್ ಕೂಡ ಅಷ್ಟೇ: "ಅವತ್ತು ಇದ್ದದ್ದೇ ಇವತ್ತೂ ಇದೆ" ಅನ್ನುತ್ತೆ. "ಅವತ್ತು ಅಲ್ಲಿ ಅದನ್ನು ಇಟ್ಟವರು ಯಾರು" ಅಂತ ಹೇಳಲ್ಲ. ಅದಕ್ಕೆ ಆರ್ಸೆನಲ್ ಮಾಡಿದಂಥ ಕೆಲಸ ಬೇಕು: ಫೈಲ್ ಎಂದು ಬಂತು, ಯಾವ ಪ್ರೋಗ್ರಾಂ ಬರೆಯಿತು, ಯಾರಾದರೂ ತೆರೆದರಾ ಅಂತ ಡಿಸ್ಕ್ ಕೆದಕೋದು.

ಆದರೆ ಆ ಕೆಲಸ ನಂಬಿಕೆಗೆ ಅರ್ಹ ಆಗೋದೂ ಹ್ಯಾಶ್‌ನಿಂದಲೇ. ಆರೋಪಿಯ ತಜ್ಞರ ಕೈಲಿರುವ ನಕಲು ಮತ್ತು ಪೊಲೀಸರ ಕೈಲಿರುವ ನಕಲು ಒಂದೇ ಅಂತ ಇಬ್ಬರೂ ಒಪ್ಪಿದರೆ ಮಾತ್ರ ವಾದ ಮುಂದೆ ಸಾಗುತ್ತೆ. ಆದ್ದರಿಂದಲೇ ಹ್ಯಾಶ್ ಪೊಲೀಸರ ಆಸ್ತಿಯಲ್ಲ, ಅದು ಆರೋಪಿಯ ಹಕ್ಕೂ ಹೌದು.

ಹಾಗಾದರೆ ಏನು ಕೇಳಬೇಕು

ಸಾಧನ ವಶವಾಗುವಾಗ ಕೇಳಬೇಕಾದ್ದು ಸರಳ. ಹ್ಯಾಶ್ ತೆಗೆದಿರಾ? ಯಾವ ವಿಧಾನ? ಎಷ್ಟು ಗಂಟೆಗೆ, ಯಾರ ಎದುರು? ಆ 64 ಅಕ್ಷರವನ್ನು ಮಹಜರಿನಲ್ಲಿ ಬರೆದು ಪ್ರತಿ ಕೊಡಿ. ಸ್ಥಳದಲ್ಲಿ ಆಗದಿದ್ದರೆ ಆಗಲಿಲ್ಲ ಅಂತಲೇ ಮಹಜರಿನಲ್ಲಿ ಬರಲಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಶೋಧ ಮತ್ತು ವಶವನ್ನು ವಿಡಿಯೋ ಮಾಡಬೇಕು ಅನ್ನುತ್ತೆ. ಸಾಧನ ಆನ್ ಇತ್ತೋ ಆಫ್ ಇತ್ತೋ, ಯಾರಾದರೂ ಮುಟ್ಟಿದರೋ ಅನ್ನೋದು ಆ ವಿಡಿಯೋದಲ್ಲಿ ಕಾಣಬೇಕು.

ಹ್ಯಾಶ್ ನಿಮ್ಮ ಕೈಗೆ ಬರಬೇಕು ಅನ್ನೋದಕ್ಕೆ ಕಾರಣ ಇದೆ. ಹ್ಯಾಶ್ ಮತ್ತು ಫೈಲ್ ಎರಡೂ ಒಬ್ಬರ ಬೀರುವಿನಲ್ಲೇ ಇದ್ದರೆ, ಫೈಲ್ ಬದಲಿಸಿದವರು ಹೊಸ ಹ್ಯಾಶ್ ಬರೆದುಕೊಳ್ಳಬಹುದು. ಬೀಗವೂ ಕೀಲಿಯೂ ಒಂದೇ ಜೇಬಲ್ಲಿ ಇದ್ದ ಹಾಗೆ. 64 ಅಕ್ಷರದ ಒಂದು ಚೀಟಿ ಎದುರು ಪಕ್ಷದ ಕೈಲಿದ್ದರೆ ಮಾತ್ರ ಅದು ಕಾವಲು.

ಇದೇ ಕಾವಲನ್ನು ನೀವೂ ಬಳಸಬಹುದು. ಮುಖ್ಯವಾದ ವಿಡಿಯೋ ತೆಗೆದರೆ, ಕತ್ತರಿಸದೆ, ಕುಗ್ಗಿಸದೆ ಕಂಪ್ಯೂಟರ್‌ಗೆ ಹಾಕಿಕೊಂಡು ಹ್ಯಾಶ್ ತೆಗೆಯಿರಿ. ಮೊದಲನೆಯದು ವಿಂಡೋಸ್‌ಗೆ, ಎರಡನೆಯದು ಮ್ಯಾಕ್‌ಗೆ, ಮೂರನೆಯದು ಲಿನಕ್ಸ್‌ಗೆ:

```
certutil -hashfile video.mp4 SHA256
shasum -a 256 video.mp4
sha256sum video.mp4
```

ಬಂದ ಅಕ್ಷರಗಳನ್ನು ಅವತ್ತೇ ನಿಮ್ಮ ವಕೀಲರಿಗೋ, ನಂಬಿಕೆಯ ಇಬ್ಬರಿಗೋ ಇಮೇಲ್ ಮಾಡಿ. ವಿಡಿಯೋ ಕಳಿಸಬೇಕಿಲ್ಲ; ಹ್ಯಾಶ್ ನೋಡಿ ವಿಡಿಯೋದಲ್ಲಿ ಯಾರಿದ್ದಾರೆ ಅಂತ ಯಾರಿಗೂ ಗೊತ್ತಾಗಲ್ಲ. ಮುಂದೊಂದು ದಿನ "ಇದನ್ನು ಆಮೇಲೆ ತಿದ್ದಿದ್ದೀರಿ" ಅಂತ ಯಾರಾದರೂ ಅಂದರೆ, ಆ ಇಮೇಲ್‌ನ ತಾರೀಖು ಮತ್ತು 64 ಅಕ್ಷರ ಸಾಕು. ಆ ತಾರೀಖಿಗಿಂತ ಮುಂಚೆ ತಿದ್ದಿಲ್ಲ ಅನ್ನೋದನ್ನು ಮಾತ್ರ ನೀವು ಬೇರೆ ರೀತಿ ತೋರಿಸಬೇಕಾಗುತ್ತೆ. ಪೊಲೀಸರಿಗೆ ಕೇಳಿದ ಪ್ರಶ್ನೆಯನ್ನು ನಿಮಗೂ ಕೇಳ್ತಾರೆ, ಕೇಳಬೇಕು ಕೂಡ.